ಕೊನೆಯ ಸ್ಲಿಪ್ಪಿನಲ್ಲಿ ಯಾವ ಕಾಲಂ ನೋಡಬೇಕು?

ಪುಣೆಯ ಬಾಣೇರ್‌ನಲ್ಲಿ ಪೇರೋಲ್ ನೋಡುವ ನಮ್ಮ ಮೇಜಿಗೆ ವಿಜಯಪುರದ ಕಡೆಯವರೊಬ್ಬರು ಕೆಲಸ ಬಿಟ್ಟ ಮೇಲಿನ ಅಂತಿಮ ಲೆಕ್ಕದ ಎಫ್‌ಎನ್‌ಎಫ್ ಶೀಟು ಹಿಡಿದು ಬಂದರು. "ಎಂಟು ವರ್ಷಕ್ಕ ಇಷ್ಟೇ ಏನ್ರಿ ಸರ್?" ಗ್ರಾಚ್ಯುಟಿ 92,903 ರೂಪಾಯಿ. ಸಾಫ್ಟ್‌ವೇರ್ ಲೆಕ್ಕ, ತಪ್ಪಿರಲ್ಲ ಅಂದೆ. ತಪ್ಪಿತ್ತು.

ಅವರು ಸೇರಿದ್ದು 2017 ಜೂನ್ 12, ಬಿಟ್ಟದ್ದು 2025 ಜನವರಿ 20. ಏಳು ವರ್ಷ ಏಳು ತಿಂಗಳು ಚಿಲ್ಲರೆ. ಕೊನೆಯ ತುಂಡು ಆರು ತಿಂಗಳು ದಾಟಿದರೆ ಪೂರ್ತಿ ವರ್ಷ, ಹಾಗಾಗಿ ಎಂಟು ಸರಿಯೇ. ಎಡವಿದ್ದು ಸಂಬಳದಲ್ಲಿ. ಬೇಸಿಕ್ ಮತ್ತು ಡಿಎ ಸೇರಿ ತಿಂಗಳಿಗೆ 31,200. ಜನವರಿಯಲ್ಲಿ ದುಡಿದದ್ದು ಇಪ್ಪತ್ತೇ ದಿನ, ಆದ್ದರಿಂದ ಸ್ಲಿಪ್ಪಿನ 'ಅರ್ನ್ಡ್' ಕಾಲಂನಲ್ಲಿ ಬಂದದ್ದು 20,129. ಸಾಫ್ಟ್‌ವೇರ್ ಅದನ್ನೇ 'ಕೊನೆಯ ಸಂಬಳ' ಅಂತ ಎತ್ತಿಕೊಂಡಿತ್ತು. ಬೇಕಿದ್ದದ್ದು ಪಕ್ಕದ 'ರೇಟ್' ಕಾಲಂ. ಎರಡು ನಿಮಿಷ ಇಬ್ಬರೂ ಆ ಎರಡು ಕಾಲಂ ನೋಡುತ್ತ ಕೂತೆವು, ನಾನು ಮಾತಾಡಲಿಲ್ಲ.

ವರ್ಷಕ್ಕೆ 15 ದಿನದ ಸಂಬಳ, ಸರಿಯಾದ ಲೆಕ್ಕ ಹೀಗೆ:

```
31,200 ÷ 26 = 1,200
1,200 × 15 × 8 = 1,44,000
```

ಭಾಜಕ 26, 30 ಅಲ್ಲ. ಗ್ರಾಸ್ ಅಥವಾ ಸಿಟಿಸಿ ಹಾಕಿ ಲಕ್ಷಗಟ್ಟಲೆ ಕನಸು ಕಾಣುವವರೂ ಇದ್ದಾರೆ, ಎಚ್‌ಆರ್‌ಎ ಇದಕ್ಕೆ ಬರುವುದಿಲ್ಲ. ಆದರೆ 2025 ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಲ್ಲಿದೆ. ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟನ್ನು ಬೇಸಿಕ್-ಡಿಎ ಮೊತ್ತಕ್ಕೆ ಸೇರಿಸಬೇಕು. ಇವರ ಗ್ರಾಸ್ 58,000, ಬೇಸಿಕ್-ಡಿಎ ಅರ್ಧಕ್ಕಿಂತ ಹೆಚ್ಚು. ಈ ನಿಯಮ ಹಾಕಿದರೂ ಇವರಿಗೆ ವ್ಯತ್ಯಾಸ ಬರುತ್ತಿರಲಿಲ್ಲ.

ರಜೆಯ ಹಣಕ್ಕೆ ಆ 26 ತಾನಾಗಿ ಅನ್ವಯಿಸುವುದಿಲ್ಲ. ಅದು ಕಂಪನಿಯ ಲೀವ್ ಪಾಲಿಸಿಯಲ್ಲಿ ಇರುತ್ತದೆ, ನಮ್ಮಲ್ಲಿ 30. ಬಾಕಿ 38 ಪಿಎಲ್, ದಿನಕ್ಕೆ 1,040ರಂತೆ 39,520. ಇಲ್ಲೂ 'ರೇಟ್' ಕಾಲಮ್ಮೇ. ಮಹಾರಾಷ್ಟ್ರದ ಅಂಗಡಿ ಕಾಯ್ದೆಯಲ್ಲಿ ಪಿಎಲ್ ಕೂಡಿಟ್ಟುಕೊಳ್ಳಲು 45 ದಿನದ ಮಿತಿ ಇದೆ. ಸಿಎಲ್ ಅನ್ನು ಇದರಲ್ಲಿ ಎಣಿಸಬೇಡಿ. ನೋಟಿಸ್ ಅವಧಿಯಲ್ಲಿ ಹಾಕಿದ ರಜೆ ಬಾಕಿಯಿಂದ ಕಳೆದಿದೆಯೋ ಅಂತ ಅಟೆಂಡೆನ್ಸ್ ಜೊತೆ ತಾಳೆ ನೋಡಿ. ಡಿಸೆಂಬರ್ ಸ್ಲಿಪ್ಪಿನ ಬಾಕಿ ಜನವರಿಗೆ ಹಳೆಯದು.

ಕೊನೆಯ ತಿಂಗಳು ಅರ್ಧವಾಗಿದ್ದರೆ ಹಿಂದಿನ ಪೂರ್ತಿ ತಿಂಗಳ ಸ್ಲಿಪ್ಪನ್ನೇ ಪಕ್ಕಕ್ಕಿಟ್ಟು ಲೆಕ್ಕ ಹಾಕಿ. ಗ್ರಾಚ್ಯುಟಿ ಬಾಬ್ತಿನಲ್ಲಿ ಅವರು ಕೇಳದಿದ್ದರೆ 51,097 ರೂಪಾಯಿ ಹೋಗುತ್ತಿತ್ತು. ಗ್ರಾಚ್ಯುಟಿಯನ್ನು 30 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ. ತಿದ್ದಿದ ಶೀಟು ಫೈನಾನ್ಸ್‌ಗೆ ಹೋದಾಗ 27ನೇ ದಿನ. ವೆಂಡರ್‌ಗೆ ಟಿಕೆಟ್ ಹಾಕಿದ್ದೇವೆ, 'ಕಾನ್ಫಿಗರೇಶನ್ ನಿಮ್ಮದೇ' ಅನ್ನುತ್ತಾರೆ.