60 ಡಬ್ಬಿಗೆ ಗಿಟ್ಟುತ್ತೆ, 61ಕ್ಕೆ ಯಾಕೆ ಗಿಟ್ಟಲ್ಲ?

ಹುಬ್ಬಳ್ಳಿಯಲ್ಲಿ ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಊಟದ ಡಬ್ಬಿ ವ್ಯಾಪಾರ ಶುರು ಮಾಡಬೇಕು ಅಂತ ಬರುವವರೆಲ್ಲ ಕೇಳುವುದು ಒಂದೇ: ದಿನಕ್ಕೆ ಎಷ್ಟು ಡಬ್ಬಿ ಹೋದರೆ ಖರ್ಚು ಗಿಟ್ಟುತ್ತೆ? ಅದೇ ಬ್ರೇಕ್ ಈವನ್. ಲೆಕ್ಕ ಮಾಡೋದು ಸುಲಭ. ಬಂದ ಅಂಕಿಯನ್ನು ಓದೋದರಲ್ಲೇ ಜನ ಎಡವುತ್ತಾರೆ.

ಖಾನಾವಳಿಯಲ್ಲಿ ಅಡುಗೆ ಮಾಡಿ ಅನುಭವ ಇದ್ದ ಒಬ್ಬ ಅಕ್ಕ ಗೋಕುಲ ರಸ್ತೆಯ ಕಾರ್ಖಾನೆಗಳಿಗೆ ಮಧ್ಯಾಹ್ನದ ಡಬ್ಬಿ ಕೊಡಬೇಕೆಂದು ಬಂದಿದ್ದರು. ಎರಡು ಜೋಳದ ರೊಟ್ಟಿ, ಒಂದು ಪಲ್ಯ, ಒಂದು ಕಾಳುಪಲ್ಯ, ಅನ್ನ-ಸಾರು, ಶೇಂಗಾ ಚಟ್ನಿ. ಡಬ್ಬಿಗೆ 80 ರೂಪಾಯಿ. "ದಿನಾ ನೂರು ಡಬ್ಬಿ ಹೋದ್ರ ಸಾಕಲ್ರಿ ಸರ್?" ಅಂದರು. ನೂರು ಯಾಕೆ ಅಂದರೆ ಉತ್ತರ ಇರಲಿಲ್ಲ. ಸುಮ್ನೆ ಒಂದು ದುಂಡು ಸಂಖ್ಯೆ.

ಮೊದಲು ಒಂದು ಡಬ್ಬಿ ಜಾಸ್ತಿ ಆದರೆ ಎಷ್ಟು ಖರ್ಚು ಜಾಸ್ತಿ ಆಗುತ್ತೆ ಅಂತ ಬರೆದೆವು. ರೊಟ್ಟಿಯನ್ನು ರೊಟ್ಟಿ ಕೇಂದ್ರದಿಂದ ತರಿಸುವುದು, ಒಂದಕ್ಕೆ 7ರಂತೆ ಎರಡಕ್ಕೆ 14. ಕಿರಾಣಿ ಮತ್ತು ಕಾಯಿಪಲ್ಲೆ 24. ಪೆಟ್ರೋಲ್, ಡಬ್ಬಿ ತೊಳೆಯುವ ಸೋಪು 3. ಗ್ಯಾಸಿನ ಲೆಕ್ಕವನ್ನು ಮಾತ್ರ ಯಾರೂ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೊಂದು ದಾರಿ ಇದೆ. 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ಹಚ್ಚಿದ ದಿನ ಬರೆದಿಟ್ಟು, ಖಾಲಿಯಾಗುವವರೆಗೆ ಹೋದ ಡಬ್ಬಿ ಎಣಿಸಬೇಕು. ಸಿಲಿಂಡರಿಗೆ 1,800 ಕೊಟ್ಟು 450 ಡಬ್ಬಿ ಆದರೆ ಡಬ್ಬಿಗೆ 4 ರೂಪಾಯಿ. ಅಲ್ಲಿಗೆ ಒಟ್ಟು 45. ಮಾರಾಟದ 80ರಲ್ಲಿ ಅದನ್ನು ಕಳೆದರೆ ಒಂದು ಡಬ್ಬಿಯಿಂದ ಕೈಗೆ ಉಳಿಯುವುದು 35.

ಆಮೇಲೆ ಡಬ್ಬಿ ಹೋಗಲಿ ಬಿಡಲಿ ತಿಂಗಳಿಗೆ ಕೊಡಲೇಬೇಕಾದದ್ದು. ಬಾಡಿಗೆ 8,000. ಅಡುಗೆಯವರಿಗೆ 15,000, ಸಹಾಯಕ್ಕೆ 9,000, ಡಬ್ಬಿ ಒಯ್ಯುವ ಹುಡುಗನಿಗೆ 8,000. ಕರೆಂಟು, ನೀರು, ಫೋನು 2,500. ಪಾತ್ರೆ, ಒಲೆ, ಡಬ್ಬಿಗಳ ಸವಕಳಿ 2,500. ಕೂಡಿದರೆ 45,000. ಇದನ್ನು 35ರಿಂದ ಭಾಗಿಸಿದರೆ ತಿಂಗಳಿಗೆ 1,286 ಡಬ್ಬಿ. ಕೆಲಸದ ದಿನ 25 ಅಂತ ಹಿಡಿದರೆ ದಿನಕ್ಕೆ 52.

ಅಕ್ಕನಿಗೆ ಖುಷಿ. ನೂರು ಅಂದುಕೊಂಡಿದ್ದವರಿಗೆ 52 ಬಂದರೆ ಇನ್ನೇನು ಬೇಕು, ಅಲ್ವಾ? ಆದರೆ ಈ ಪಟ್ಟಿಯಲ್ಲಿ ಅವರ ಸ್ವಂತ ದುಡಿಮೆಯೇ ಇರಲಿಲ್ಲ. "ನನಗ್ಯಾಕ ಪಗಾರ ರೀ, ಉಳಿದದ್ದೆಲ್ಲಾ ನಂದ ಅಲ್ರೀ?" ಅಂದರು. ಬೆಳಿಗ್ಗೆ ಸಂತೆಗೆ ಹೋಗಿ, ಅಡುಗೆ ನೋಡಿ, ಸಂಜೆ ವಸೂಲಿ ಮಾಡುವ ಕೆಲಸಕ್ಕೆ ಬೇರೆಯವರಾದರೆ 15,000 ಕೊಡುತ್ತಾರೆ. ಅದನ್ನು ಸೇರಿಸಿದರೆ 60,000 ಆಯಿತು, ದಿನದ ಲೆಕ್ಕ 69 ಡಬ್ಬಿಗೆ ಏರಿತು. ನಾನು ಯಾವಾಗಲೂ ಎರಡೂ ಸಂಖ್ಯೆ ಬರೆದುಕೊಡುತ್ತೇನೆ. 52ಕ್ಕಿಂತ ಕೆಳಗೆ ಹೋದರೆ ಕೈಯಿಂದ ದುಡ್ಡು ಹೋಗುತ್ತೆ. 52ರಿಂದ 69ರ ನಡುವೆ ಇದ್ದರೆ ಅಂಗಡಿ ನಡೆಯುತ್ತೆ, ಆದರೆ ಮಾಲೀಕರು ತಮ್ಮದೇ ಅಂಗಡಿಯಲ್ಲಿ ಕಡಿಮೆ ಪಗಾರಕ್ಕೆ ದುಡಿಯುತ್ತಿರುತ್ತಾರೆ.

ಇಷ್ಟಕ್ಕೇ ನಿಲ್ಲಿಸಿದ್ದರೆ "69 ದಾಟಿಸಿ" ಅಂತ ಹೇಳಿ ಕಳಿಸಬಹುದಿತ್ತು. ಆದರೆ 69 ಡಬ್ಬಿ ಒಯ್ಯುವವರು ಯಾರು?

ಹುಡುಗ ಹೊರಡುವುದು ಹನ್ನೊಂದೂವರೆಗೆ. ಊಟದ ಬಿಡುವು ಒಂದು ಗಂಟೆಗೆ. ಅಷ್ಟರಲ್ಲಿ ಬೈಕಿನಲ್ಲಿ ಎರಡು ಸಲ ಹೋಗಬಹುದು, ಸಲಕ್ಕೆ 30 ಡಬ್ಬಿ. ಅಂದರೆ 60. ಅರವತ್ತೊಂದನೇ ಡಬ್ಬಿಗೆ ಇನ್ನೊಬ್ಬ ಹುಡುಗ ಬೇಕು, ತಿಂಗಳಿಗೆ ಇನ್ನೂ 8,000.

ಈಗ ಲೆಕ್ಕ ನೋಡಿ. ದಿನಕ್ಕೆ 60 ಡಬ್ಬಿ ಹೋದರೆ 60 × 35 × 25, ಅಂದರೆ 52,500. ಅದರಲ್ಲಿ 45,000 ಕಳೆದರೆ 7,500 ಉಳಿಯಿತು. 61 ಆದರೆ ಬರುವುದು 53,375, ಖರ್ಚು 53,000. ಉಳಿದದ್ದು 375! ಮತ್ತೆ ಆ 7,500 ಕೈಗೆ ಸಿಗಬೇಕಾದರೆ 70 ಡಬ್ಬಿ ಮುಟ್ಟಬೇಕು. ನಡುವಿನ 61ರಿಂದ 69ರವರೆಗೆ ಗಿರಾಕಿ ಬೆಳೆಯುತ್ತಾರೆ, ಕೆಲಸ ಬೆಳೆಯುತ್ತೆ, ದುಡ್ಡು ಮಾತ್ರ ಮೊದಲಿಗಿಂತ ಕಮ್ಮಿ. ಎಷ್ಟೋ ಡಬ್ಬಿ ವ್ಯಾಪಾರಗಳು ಇಂಥ ಜಾಗದಲ್ಲೇ ಸಿಕ್ಕಿಕೊಂಡಿರುವುದನ್ನು ನೋಡಿದ್ದೇನೆ. "ಆರ್ಡರ್ ಜೋರಿದೆ, ದುಡ್ಡು ಎಲ್ಲಿ ಹೋಗ್ತಿದೆಯೋ ಗೊತ್ತಾಗ್ತಿಲ್ಲ" ಅಂತ ಯಾರಾದರೂ ಅಂದರೆ ನಾನು ಮೊದಲು ಕೇಳುವುದು, ಕೊನೆಯ ಆಳನ್ನು ಯಾವಾಗ ಇಟ್ಟುಕೊಂಡಿರಿ ಅಂತ.

ಇಬ್ಬರು ಹುಡುಗರು ಇದ್ದು, ಅಕ್ಕನ ಪಗಾರವೂ ಹೊರಡಬೇಕಾದರೆ 78 ಡಬ್ಬಿ ಬೇಕು. ಅವರ ಅಡುಗೆಮನೆಯಲ್ಲಿ ಒಬ್ಬ ಅಡುಗೆಯವರು, ಒಬ್ಬ ಸಹಾಯಕಿ ಸೇರಿ ಬೆಳಿಗ್ಗೆ ಮಾಡಲು ಆಗುವುದು ಹೆಚ್ಚೆಂದರೆ 90. ಹಾಗಾಗಿ ನಿಜವಾಗಿ ಲಾಭ ಇರುವ ಜಾಗ 78ರಿಂದ 90, ಅಷ್ಟೇ. ನೂರರ ಕನಸಿಗೆ ಇನ್ನೊಂದು ಒಲೆ, ಇನ್ನೊಬ್ಬ ಅಡುಗೆಯವರು ಬೇಕು. (80 ರೂಪಾಯಿಯಂತೆ ದಿನಾ 84 ಡಬ್ಬಿ ಹೋದರೆ ವರ್ಷದ ವ್ಯಾಪಾರ 20 ಲಕ್ಷ ದಾಟುತ್ತೆ, ಜಿಎಸ್‌ಟಿ ನೋಂದಣಿಯೂ ಬರುತ್ತೆ. ಅದು ಬೇರೆ ತಲೆನೋವು.)

ಹಾಗಾಗಿ ಗಿರಾಕಿ ಸಂಖ್ಯೆ ಬಿಟ್ಟು ದರದ ಕಡೆ ನೋಡಿದೆವು. ಡಬ್ಬಿಗೆ 85 ಮಾಡಿದರೆ ಉಳಿಯುವುದು 40. 60,000ವನ್ನು 40ರಿಂದ, ಆಮೇಲೆ 25ರಿಂದ ಭಾಗಿಸಿದರೆ ಸರಿಯಾಗಿ 60 ಬರುತ್ತೆ. ಒಬ್ಬನೇ ಹುಡುಗ, ಇದ್ದ ಒಲೆ, ಅಕ್ಕನ ಪಗಾರವೂ ಪೂರ್ತಿ. ಐದು ರೂಪಾಯಿ ಮಾಡಿದ ಕೆಲಸವನ್ನು 80ರ ದರದಲ್ಲಿ ಮಾಡಲು 18 ಡಬ್ಬಿ ಜಾಸ್ತಿ ಬೇಕಿತ್ತು. ಮೊದಲ ದಿನದಿಂದಲೇ 85 ಇಡಿ ಅಂದೆ, ಯಾಕಂದರೆ ತಿಂಗಳ ಗಿರಾಕಿಗಳಿಗೆ ಆಮೇಲೆ ದರ ಏರಿಸುವುದು ಕಷ್ಟ.

ಆದರೆ ಪಟ್ಟಿಯಲ್ಲಿ 60 ಹೆಸರಿದ್ದರೆ ದಿನಾ 60 ಡಬ್ಬಿ ಹೋಗುವುದಿಲ್ಲ. ರಜೆ, ಊರಿಗೆ ಹೋಗುವುದು, ಉಪವಾಸ ಅಂತ ಹತ್ತರಲ್ಲಿ ಒಬ್ಬರು ಬೇಡ ಅಂದರೂ 54ಕ್ಕೆ ಬಂತು. ಅದಕ್ಕೆ 67 ಹೆಸರು ಬರೆದುಕೊಳ್ಳಬೇಕು. ಎಲ್ಲರೂ ಬೇಕು ಅಂದ ದಿನ ಮಿಕ್ಕ ಏಳು ಡಬ್ಬಿಯನ್ನು ಅಕ್ಕನೇ ಸ್ಕೂಟಿಯಲ್ಲಿ ಒಯ್ಯುವುದು ಅಂತಾಯಿತು. ಬೇಡ ಅನ್ನುವವರು ಬೆಳಿಗ್ಗೆ ಎಂಟರೊಳಗೆ ಹೇಳಬೇಕು. ಆಮೇಲೆ ಹೇಳಿದರೆ ದುಡ್ಡು ಕಡಿತ ಇಲ್ಲ, ಯಾಕಂದರೆ ಅಷ್ಟೊತ್ತಿಗೆ ರೊಟ್ಟಿ ಕೇಂದ್ರಕ್ಕೆ ಲೆಕ್ಕ ಹೋಗಿರುತ್ತೆ, ಅಕ್ಕಿ ನೆನೆದಿರುತ್ತೆ.

25 ದಿನ ಅನ್ನುವುದೂ ಎಲ್ಲ ತಿಂಗಳಿಗೆ ಹೊಂದುವುದಿಲ್ಲ. ದಸರಾ, ದೀಪಾವಳಿ ಬರುವ ತಿಂಗಳಲ್ಲಿ 22 ದಿನ ಸಿಕ್ಕರೆ ಹೆಚ್ಚು. ಆಗ ದಿನಕ್ಕೆ 69 ಡಬ್ಬಿ ಬೇಕಾಗುತ್ತೆ. ಒಬ್ಬ ಹುಡುಗನಿಂದ ಅದು ಆಗದ ಮಾತು. 60ರಲ್ಲೇ ನಿಂತರೆ 22 ದಿನಕ್ಕೆ ಬರುವುದು 52,800, ಅಂದರೆ 7,200 ಕಮ್ಮಿ. ಆ ತಿಂಗಳು ಆಳುಗಳ ಪಗಾರ ಕೊಟ್ಟ ಮೇಲೆ ಅಕ್ಕನಿಗೆ ಉಳಿಯುವುದು 7,800. ಅದನ್ನು ಮೊದಲೇ ಬರೆದುಕೊಟ್ಟಿದ್ದೇನೆ, ಹಬ್ಬದ ಖರ್ಚಿಗೆ ಆ ತಿಂಗಳ ಗಲ್ಲಾ ನಂಬಬೇಡಿ ಅಂತ.