ಒಂದೇ ಮೊಬೈಲ್, ಮೂವರು ರೋಗಿಗಳು

ಸಾಗರದ ಕಡೆಯ ಒಂದು ಸಣ್ಣ ಆಸ್ಪತ್ರೆಗೆ ಡೇಟಾಬೇಸ್ ಮಾಡಿಕೊಡಲು ಹೋದಾಗ ಮೊದಲ ಎರಡು ದಿನ ಚೀಟಿ ಕೊಡುವ ಕೌಂಟರಿನ ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದೆ. ಅವರ ಹಳೆಯ ತಂತ್ರಾಂಶ ಮೊಬೈಲ್ ಸಂಖ್ಯೆಯಿಂದಲೇ ರೋಗಿಯನ್ನು ಗುರುತಿಸುತ್ತಿತ್ತು. ಮನೆಗೊಂದೇ ಮೊಬೈಲ್ ಇದ್ದ ಕಡೆ ಅತ್ತೆ, ಸೊಸೆ, ಮೊಮ್ಮಗ ಮೂವರೂ ಒಂದೇ ದಾಖಲೆಯೊಳಗೆ ಸೇರಿಹೋಗಿದ್ದರು. ಸೊಸೆಗೆ ಪೆನಿಸಿಲಿನ್ ಒಗ್ಗುವುದಿಲ್ಲ ಎಂಬ ಟಿಪ್ಪಣಿ ಅತ್ತೆಯ ಹೆಸರಿನಡಿ ಕಂಡಾಗ ಎದೆ ಝಲ್ಲೆಂದಿತು.

ಕೌಂಟರಿನ ಅಕ್ಕ ಮಾತ್ರ ತಪ್ಪುತ್ತಿರಲಿಲ್ಲ. “ಯಾವ ಊರು ಅಜ್ಜಾ? ಯಾರ ಮನೆ?” ಎಂದು ಕೇಳಿ ರಿಜಿಸ್ಟರಿನಲ್ಲಿ ಸರಿಯಾದ ಸಾಲಿಗೆ ಬೆರಳಿಡುತ್ತಿದ್ದರು. ನಾನು ಹುಡುಕುತ್ತಿದ್ದ ಅಗತ್ಯಗಳ ಪಟ್ಟಿ ಆ ಎರಡು ಪ್ರಶ್ನೆಗಳಲ್ಲೇ ಇತ್ತು.

ಪರಿಕಲ್ಪನಾ ಚಿತ್ರ ಬರೆಯುವಾಗ ರೋಗಿ, ಭೇಟಿ, ಫೋನ್ ಮೂರನ್ನೂ ಬೇರೆ ಬೇರೆ ಮಾಡಿದೆ. ರೋಗಿಗೆ ಆಸ್ಪತ್ರೆಯದೇ ಸಂಖ್ಯೆ. ಫೋನ್ ಎಷ್ಟು ಜನರಿಗೆ ಬೇಕಾದರೂ ಸೇರಬಹುದು. ಔಷಧದ ಅಲರ್ಜಿ ಭೇಟಿಗಲ್ಲ, ರೋಗಿಗೆ ಅಂಟಿಕೊಳ್ಳುತ್ತದೆ.

ಮುಂದೆ ಕೋಷ್ಟಕಗಳಾಗಿ ಬಿಡಿಸುವಾಗ ನಾನೇ ಎಡವಿದೆ. ಒಂದೇ ಮಾಹಿತಿ ಎರಡು ಕಡೆ ಇರಬಾರದೆಂದು ಊರಿನ ಹೆಸರನ್ನು ರೋಗಿಯ ಕೋಷ್ಟಕದಲ್ಲಷ್ಟೇ ಇಟ್ಟೆ. ಕರಡು ನೋಡಿದ ವೈದ್ಯರು ಮಂಗನ ಕಾಯಿಲೆಯ ಮಾತು ತೆಗೆದರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಜ್ವರ ಉಣ್ಣೆ ಹುಳುಗಳಿಂದ ಹರಡುತ್ತದೆ. ಹಾಗಾಗಿ ಜ್ವರ ಬಂದಾಗ ರೋಗಿ ಯಾವ ಊರಿನಲ್ಲಿದ್ದರು ಎಂಬುದು ಮುಖ್ಯ. ಸೊರಬದ ಹುಡುಗಿ ಮದುವೆಯಾಗಿ ಹೊಸನಗರಕ್ಕೆ ಹೋದರೆ, ವಿಳಾಸ ತಿದ್ದಿದ ಕ್ಷಣ ಅವಳ ಹಳೆಯ ಜ್ವರವೂ ಹೊಸನಗರದ್ದಾಗಿಬಿಡುತ್ತಿತ್ತು. ಹಾಗಾಗಿ ಭೇಟಿಯ ಕೋಷ್ಟಕಕ್ಕೂ ಊರು ಸೇರಿಸಿದೆ. ಅದು ಪುನರಾವರ್ತನೆಯಲ್ಲ, ಒಂದು ರೋಗಿಯ ಈಗಿನ ವಿಳಾಸ, ಇನ್ನೊಂದು ಆ ದಿನದ ಸಂಗತಿ.

ಕೊನೆಯ ಹಂತದ ತೊಂದರೆ ತಡವಾಗಿ ಕಾಣಿಸಿತು. ಪರೀಕ್ಷೆಗೆ ಹಾಕಿದ 500 ಸಾಲುಗಳಲ್ಲಿ ಎಲ್ಲವೂ ಚುರುಕಾಗಿಯೇ ಇತ್ತು. ಭೇಟಿಗಳು ಲಕ್ಷ ದಾಟಿದ ಮೇಲೆ ರೋಗಿಯ ಹಿಂದಿನ ಭೇಟಿಗಳನ್ನು ತೆರೆಯಲು ವೈದ್ಯರು ಕಾಯಬೇಕಾಯಿತು. ಡೇಟಾಬೇಸ್ ಒಂದು ಪ್ರಶ್ನೆಗೆ ಉತ್ತರ ಹೇಗೆ ಹುಡುಕುತ್ತದೆ ಎಂದು ತೋರಿಸುವ `EXPLAIN ANALYZE` ಹಾಕಿದರೆ `Seq Scan` ಎಂದು ಬಂತು, ಅಂದರೆ ಒಬ್ಬರ ನಾಲ್ಕು ಭೇಟಿಗಳಿಗಾಗಿ ಇಡೀ ಕೋಷ್ಟಕವನ್ನು ಓದುತ್ತಿತ್ತು. ನಾನು ಬಳಸಿದ ಡೇಟಾಬೇಸ್ ಪೋಸ್ಟ್‌ಗ್ರೆಸ್, ಪ್ರತಿ ರೋಗಿಯನ್ನು ಗುರುತಿಸುವ ಪ್ರಾಥಮಿಕ ಕೀಗೆ ಬೇಗ ಹುಡುಕಲು ತಾನೇ ಸೂಚಿ ಕಟ್ಟುತ್ತದೆ, ಭೇಟಿಯ ಕೋಷ್ಟಕದಿಂದ ಅದನ್ನು ತೋರಿಸುವ ವಿದೇಶಿ ಕೀಗೆ ಕಟ್ಟುವುದಿಲ್ಲ. ಅದನ್ನು ನಾವೇ ಬರೆಯಬೇಕು:

```sql
CREATE INDEX ix_visit_patient
ON visit (patient_id, visit_at DESC);
```

ರೋಗಿಯ ಸಂಖ್ಯೆ ಮೊದಲು, ದಿನಾಂಕ ಆಮೇಲೆ. ಆಗ ಒಬ್ಬರ ಭೇಟಿಗಳೆಲ್ಲ ಸೂಚಿಯಲ್ಲಿ ಒಂದೆಡೆ, ಹೊಸದು ಮೇಲಿರುವಂತೆ ಸಿಗುತ್ತವೆ. ಪ್ರತಿ ಹೊಸ ಭೇಟಿ ಬರೆಯುವಾಗ ಸೂಚಿಯನ್ನೂ ತಿದ್ದಬೇಕಾಗುವುದರಿಂದ ಬೇರೆ ಕಾಲಂಗಳಿಗೆ ಸುಮ್ಮನೆ ಸೂಚಿ ಹಾಕಲಿಲ್ಲ. ಈಗ ಅದೇ ಪ್ರಶ್ನೆಗೆ `Index Scan` ಎಂದು ಬರುತ್ತದೆ. ಅಜ್ಜ ಬೆಂಚಿನಿಂದೆದ್ದು ಒಳಗೆ ಬಂದು ಕೂರುವಷ್ಟರಲ್ಲಿ ಅವರ ಹಳೆಯ ಭೇಟಿಗಳು ವೈದ್ಯರ ಪರದೆಯ ಮೇಲಿರುತ್ತವೆ.