'ಮತ್ತೆ ಹೋಗಿ' ಮೇಡಂ

ಮೇಡಂ ತೀರಿಕೊಂಡ ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದಾಗ ಎಲ್ಲರೂ ಅಡ್ಡಹೆಸರಿನಿಂದಲೇ ನೆನೆದರು: 'ಮತ್ತೆ ಹೋಗಿ' ಮೇಡಂ. ಆ ಹೆಸರು ಹುಟ್ಟಿದ್ದು ನನ್ನ ದೆಸೆಯಿಂದ ಎಂದು ಈಗಲಾದರೂ ಒಪ್ಪಿಕೊಳ್ಳುತ್ತೇನೆ.

ಎಂ.ಎ. ಸಮಾಜಶಾಸ್ತ್ರದ ಕ್ಷೇತ್ರಕಾರ್ಯ. ಮಂಡ್ಯದ ಕಡೆಯ ಒಂದು ಹಳ್ಳಿಯಲ್ಲಿ ಮನೆಮನೆಗೆ ಹೋಗಿ, ಯಾರು ಏನು ಕೆಲಸ ಮಾಡುತ್ತಾರೆಂದು ಬರೆದುಕೊಳ್ಳಬೇಕಿತ್ತು. ಬಿಸಿಲು ಸುಡುತ್ತಿತ್ತು. ನಾವು ಮೂವರು ಹುಡುಗರು ಅರಳಿಕಟ್ಟೆಯ ಟೀ ಅಂಗಡಿಯಲ್ಲೇ ಕೂತು, ಬಂದ ಗಂಡಸರನ್ನು ಹಿಡಿದು ಇಪ್ಪತ್ತು ಮನೆಯ ಫಾರಂ ತುಂಬಿಸಿದೆವು. "ನಿಮ್ಮ ಮನೆಯೋರು ಏನ್ಮಾಡ್ತಾರೆ?" "ಏನಿಲ್ಲ, ಮನೇಲವ್ಳೆ." ರಾಷ್ಟ್ರೀಯ ಮಾದರಿ ಸಮೀಕ್ಷೆಯ ಲೆಕ್ಕದಲ್ಲಿ ಅದು ಸಂಕೇತ 92, ಮನೆಗೆಲಸ ಮಾತ್ರ. ಇಪ್ಪತ್ತಕ್ಕೆ ಇಪ್ಪತ್ತೂ 92.

ಮೇಡಂ ಫಾರಂಗಳನ್ನು ತಿರುವಿ ನೋಡಿದರು. "ಊರಲ್ಲಿ ಡೇರಿ ಇದೆಯಲ್ಲಪ್ಪ, ಹಾಲು ಯಾರು ಕರೀತಾರೆ? ಮತ್ತೆ ಹೋಗಿ."

ಈ ಸಲ ಫಾರಮ್ಮೇ ಬೇರೆ. 'ಕೆಲಸ' ಎಂಬ ಪದವನ್ನು ಅವರು ಹೊಡೆದುಹಾಕಿದ್ದರು. ನಿನ್ನೆ ಎದ್ದಾಗಿನಿಂದ ಮಲಗುವತನಕ ಏನೇನು ಮಾಡಿದಿರಿ ಎಂದಷ್ಟೇ ಕೇಳಬೇಕು. ಗಡಿಯಾರದ ಬದಲು ಕೋಳಿ ಕೂಗಿದ್ದು, ಡೇರಿ ಹೊತ್ತು, ಸಂಜೆ ಬಸ್ಸು. ಒಟ್ಟೊಟ್ಟಿಗೆ ಮಾಡುವ ಎರಡು ಕೆಲಸಕ್ಕೆ ಎರಡು ಸಾಲು. ಉತ್ತರ ಹೇಳಿದ್ದು ಯಾರು, ಆಗ ಪಕ್ಕದಲ್ಲಿದ್ದವರು ಯಾರು ಎಂಬುದಕ್ಕೆ ಒಂದೊಂದು ಕಾಲಂ. ಹೆಂಗಸರನ್ನು ಕೇಳಲು ಹುಡುಗಿಯರನ್ನೇ ಕಳಿಸಿದರು. ಕೇರಿಯವರು ಕಟ್ಟೆಗೆ ಬರುವುದಿಲ್ಲವೆಂದು ಕೂರುವ ಜಾಗವನ್ನೂ ಬದಲಾಯಿಸಿದರು. ನಮಗೆ ಉಳಿದದ್ದು ಚೀಲ ಹೊರುವ ಕೆಲಸ.

ಒಬ್ಬಾಕೆಯ ದಿನ ಇನ್ನೂ ನೆನಪಿದೆ. ಕೋಳಿ ಕೂಗುವ ಮೊದಲೇ ಕೊಟ್ಟಿಗೆ ಸಗಣಿ ಬಾಚಿ, ಎರಡು ಹಸು ಕರೆದು, ಡೇರಿಗೆ ಹಾಲು ಹಾಕಿ, ಮಧ್ಯಾಹ್ನ ಹುಲ್ಲು ಕೊಯ್ದು ತಂದು, ಸಂಜೆ ಮತ್ತೆ ಹಾಲು. ಡೇರಿ ಪಾಸ್‌ಬುಕ್ ಮಾತ್ರ ಗಂಡನ ಹೆಸರಿನಲ್ಲಿ. ಸರ್ಕಾರದ ನಿಯಮದಲ್ಲೇ ಅವಳು 92 ಅಲ್ಲ, 21: ಮನೆಯ ಉದ್ಯಮದಲ್ಲಿ ಕೂಲಿಯಿಲ್ಲದೆ ದುಡಿಯುವವಳು. ನಿಯಮ ನೆಟ್ಟಗಿತ್ತು, ನಾವು ಕೂತ ಜಾಗ ಸೊಟ್ಟಗಿತ್ತು. ಇಪ್ಪತ್ತರಲ್ಲಿ ಅರ್ಧಕ್ಕಿಂತ ಹೆಚ್ಚು ಸಂಕೇತಗಳು ಬದಲಾದವು.

ಜನರನ್ನು 'ದುಡಿಯುವವರು', 'ಅವಲಂಬಿತರು' ಎಂದು ಎರಡಾಗಿ ಸೀಳಿದ್ದು ಬ್ರಿಟಿಷರ ಜನಗಣತಿ, ನಾವು ಅದೇ ಕನ್ನಡಕ ಹಾಕಿಕೊಂಡು ಹೋಗಿದ್ದೆವು ಎಂದು ಮೇಡಂ ಆಮೇಲೆ ಹೇಳಿದರು. ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್, ಮಾಲಿನಿ ಚಂದ್ ಜೊತೆಗೂಡಿ 1970ರ ದಶಕದಲ್ಲೇ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಹೀಗೆ ಹೊತ್ತಿನ ಲೆಕ್ಕ ಹಿಡಿದಿದ್ದರಂತೆ. ಇಡೀ ದೇಶಕ್ಕೆ ಅಂಥ ಸಮೀಕ್ಷೆ ಬಂದದ್ದು 2019ರಲ್ಲಿ.

ಕೊನೆಗೆ ಬರೆದುಕೊಂಡದ್ದನ್ನೆಲ್ಲ ಆ ಹೆಂಗಸರಿಗೇ ಓದಿ ಹೇಳಿಸಿದರು. ಒಬ್ಬ ಅಜ್ಜಿ ತಡೆದು, "ನಲ್ಲಿ ಮುಂದೆ ಕಾಯ್ಕೊಂಡು ಕೂತಿದ್ದು ಎಲ್ಲೋಯ್ತವ್ವ?" ಅಂದಳು. ನಮ್ಮ ಪಟ್ಟಿಯಲ್ಲಿ ಕಾಯುವುದಕ್ಕೆ ಸಾಲೇ ಇರಲಿಲ್ಲ. ಅಲ್ಲೇ ಪೆನ್ನಿನಲ್ಲಿ ಗೆರೆ ಎಳೆದು ಸೇರಿಸಿದೆವು.

ಈಗಿನ ಮಕ್ಕಳು ಹಾಸ್ಟೆಲಿನಲ್ಲಿ ಕೂತೇ ಮೊಬೈಲ್ ಲಿಂಕ್ ಕಳಿಸಿ ಕ್ಷೇತ್ರಕಾರ್ಯ ಮುಗಿಸುತ್ತಾರೆ. (ಟೀ ಅಂಗಡಿಯಲ್ಲಿ ಕೂತವನಿಗೆ ಹೀಗೆನ್ನುವ ಬಾಯಿಲ್ಲ, ಗೊತ್ತು.) ನಾನೀಗ ಸಮೀಕ್ಷೆಯ ಫಾರಂ ತಯಾರಿಸುವವನು, ಜಂಬವಲ್ಲ, ಚೆನ್ನಾಗಿಯೇ ತಯಾರಿಸುತ್ತೇನೆ. 'ಪಕ್ಕದಲ್ಲಿ ಯಾರಿದ್ದರು' ಕಾಲಮ್ಮನ್ನು, ಫಾರಂ ಉದ್ದವಾಯಿತೆಂದು ಮೊನ್ನೆ ಮೇಲಿನವರು ತೆಗೆಸಿದರು. ಮತ್ತೆ ಹಾಕಿದ್ದೇನೆ.